ಕೋಳಿ ಸಾರಿನ ಕ್ಯಾಲೊರಿ ಎಲ್ಲಿಂದ ಬರುತ್ತೆ?

ಪ್ರಶ್ನೆ: ಒಂದು ಬಟ್ಟಲು ಕೋಳಿ ಸಾರಿನಲ್ಲಿ ಎಷ್ಟು ಕ್ಯಾಲೊರಿ? ಎದೆ ಪೀಸ್, ತೊಡೆ ಪೀಸ್, ಚರ್ಮ, ಗಟ್ಟಿ ಗ್ರೇವಿ, ಇವುಗಳಿಂದ ಎಷ್ಟು ವ್ಯತ್ಯಾಸ ಆಗುತ್ತೆ?

ಚರ್ಮ ತೆಗೆದರೆ ಎದೆಗೂ ತೊಡೆಗೂ ಅಂಥ ವ್ಯತ್ಯಾಸವಿಲ್ಲ, ಎರಡೂ ಹಸಿಯಲ್ಲಿ 100 ಗ್ರಾಂಗೆ ಸುಮಾರು 120. ಚರ್ಮವಿದ್ದರೆ ತೊಡೆ 220ರ ಹತ್ತಿರ ಹೋಗುತ್ತದೆ. ಚರ್ಮವನ್ನು ಬೇಯಿಸುವ ಮೊದಲೇ ತೆಗೆಸಿ. ತಟ್ಟೆಯಲ್ಲಿ ಬಿಡಿಸಿಟ್ಟರೆ ಕರಗಿದ ಕೊಬ್ಬು ಆಗಲೇ ಸಾರಿಗೆ ಸೇರಿರುತ್ತದೆ.

ಅಸಲಿ ಲೆಕ್ಕ ಇರುವುದು ಮಸಾಲೆಯಲ್ಲಿ. ಚರ್ಮ, ಮೂಳೆ ಬಿಟ್ಟು ಅರ್ಧ ಕೆಜಿ ಮಾಂಸಕ್ಕೆ 600 ಕ್ಯಾಲೊರಿ. ಮೂರು ದೊಡ್ಡ ಚಮಚ ಎಣ್ಣೆಗೆ 360, ರುಬ್ಬಿದ 100 ಗ್ರಾಂ ಹಸಿ ತೆಂಗಿನಕಾಯಿಗೆ 350, ಈರುಳ್ಳಿ ಟೊಮೆಟೊಗೆ 80 ಸೇರಿಸಿದರೆ ಸುಮಾರು 1,390. ನಾಲ್ಕು ಪಾಲು ಮಾಡಿದರೆ ತಲಾ 350. ಅಂದರೆ ಕೋಳಿಗಿಂತ ಎಣ್ಣೆ, ಕಾಯಿಯದ್ದೇ ಹೆಚ್ಚು! ಒಂದೇ ಚಮಚ ಎಣ್ಣೆ, 25 ಗ್ರಾಂ ಕಾಯಿ ಹಾಕಿದರೆ ಪಾಲಿಗೆ 220 ಆಗುತ್ತದೆ.

ಗಟ್ಟಿಯಾದದ್ದು ಕಾಯಿಯಿಂದಲೋ, ಕುದಿಸಿದ್ದರಿಂದಲೋ ನೋಡಿ. ಕುದಿಸಿ ಇಂಗಿಸಿದರೆ ನೀರಷ್ಟೇ ಹೋಗುತ್ತದೆ, ಪಾತ್ರೆಯ ಒಟ್ಟು ಕ್ಯಾಲೊರಿ ಅಷ್ಟೇ ಇರುತ್ತದೆ. ಆದರೆ ಒಂದು ಸೌಟಿನಲ್ಲಿ ಹೆಚ್ಚು ಬರುತ್ತದೆ. ಹಾಗಾಗಿ ಬಟ್ಟಲಿನ ಲೆಕ್ಕ ನಂಬಬೇಡಿ, ಪಾತ್ರೆಯ ಒಟ್ಟು ಲೆಕ್ಕವನ್ನು ಪಾಲಿನಿಂದ ಭಾಗಿಸಿ.