ಯಮನಿಗೆ ಕೋಣ, ವೀರನಿಗೆ ಅಪ್ಸರೆ

ಸರ್, ಗ್ರೀಕರ ಸಾವಿನ ದೇವರು ಸತ್ತವರನ್ನು ಮೆಲ್ಲಗೆ ಎತ್ತಿಕೊಂಡು ಹೋಗುತ್ತಾನಂತೆ. ನಮ್ಮ ಯಮ ಹಗ್ಗ ಹಾಕಿ ಎಳೆಯುತ್ತಾನೆ. ನಮ್ಮಲ್ಲೇ ಯಾಕೆ ಇಷ್ಟು ಭಯ? — ಓದುಗರು, ಗಂಗಾವತಿ

ಮೊಬೈಲಿನಲ್ಲಿ ಓಡಾಡುವ ಒಂದು ಚಿತ್ರ ನೋಡಿ ಎಲ್ಲರೂ ಇದನ್ನೇ ಕೇಳುತ್ತಾರೆ. ಕ್ರಿ.ಪೂ. 515ರ ಸುಮಾರಿಗೆ ಯೂಫ್ರೋನಿಯೋಸ್ ಎಂಬ ಗ್ರೀಕ್ ಕಲಾವಿದ ದ್ರಾಕ್ಷಾರಸ ಬೆರೆಸುವ ದೊಡ್ಡ ಪಾತ್ರೆಯ ಮೇಲೆ ಬರೆದ ಚಿತ್ರ ಅದು. ಟ್ರಾಯ್ ಯುದ್ಧದಲ್ಲಿ ಬಿದ್ದ ಸಾರ್ಪಿಡಾನ್‌ನ ಗಾಯಗಳಿಂದ ನೆತ್ತರು ಇನ್ನೂ ಸುರಿಯುತ್ತಿದೆ. ರೆಕ್ಕೆಯುಳ್ಳ ಇಬ್ಬರು ಅವನನ್ನು ಎತ್ತುತ್ತಿದ್ದಾರೆ. ಒಬ್ಬ ನಿದ್ರೆ, ಇನ್ನೊಬ್ಬ ಸಾವು, ಅಂದರೆ ಥಾನಟೋಸ್. ಇಬ್ಬರೂ ಅಣ್ಣತಮ್ಮಂದಿರು.

ಇಷ್ಟು ನೋಡಿ ಗ್ರೀಕರಿಗೆ ಸಾವೆಂದರೆ ಭಯವೇ ಇರಲಿಲ್ಲ ಎನ್ನುವವರು ಈ ಕಥೆ ಇರುವ ಇಲಿಯಡ್ ಕಾವ್ಯವನ್ನು ಇನ್ನೂ ಸ್ವಲ್ಪ ಮುಂದೆ ಓದಬೇಕಿತ್ತು. ಅಖಿಲೀಸನ ಗುರಾಣಿಯ ಮೇಲಿನ ಯುದ್ಧಚಿತ್ರದಲ್ಲಿ ಕೇರ್ ಎಂಬ ಸಾವಿನ ಹೆಣ್ಣು ಬರುತ್ತಾಳೆ. ಅವಳ ಬಟ್ಟೆ ಮನುಷ್ಯರ ರಕ್ತದಿಂದ ಕೆಂಪಾಗಿದೆ. ಈಗಷ್ಟೇ ಗಾಯಗೊಂಡವನೊಬ್ಬ ಅವಳ ಹಿಡಿತದಲ್ಲಿದ್ದಾನೆ, ಸತ್ತ ಇನ್ನೊಬ್ಬನನ್ನು ಕಾಲು ಹಿಡಿದು ದರದರ ಎಳೆಯುತ್ತಿದ್ದಾಳೆ. ಒಂದೇ ಜನ, ಒಂದೇ ಕಾವ್ಯ, ಸಾವಿಗೆ ಎರಡು ಮುಖ.

ವ್ಯತ್ಯಾಸ ಎಲ್ಲಿದೆ? ಸಾರ್ಪಿಡಾನ್‌ನ ಹೆಣವನ್ನು ತೊಳೆದು, ಲೇಪನ ಹಚ್ಚಿ, ಅವನ ನಾಡಾದ ಲಿಸಿಯಾಕ್ಕೆ ಒಯ್ಯಲಾಗುತ್ತದೆ. ಅಲ್ಲಿ ಬಂಧುಗಳು ಸಮಾಧಿ ಕಟ್ಟಿ ಕಲ್ಲು ನಿಲ್ಲಿಸುತ್ತಾರೆ. ಸತ್ತವನು ತನ್ನವರ ಕೈಗೆ ಸೇರಿದರೆ, ಅವನನ್ನು ಕರೆದೊಯ್ಯುವವನು ಸೌಮ್ಯ. ಯಾರೂ ಕೇಳದೆ ಕಣದಲ್ಲೇ ಬಿದ್ದರೆ ಅವನ ಪಾಲಿಗೆ ಕೇರ್.

ಇದನ್ನು ಕಣ್ಣಾರೆ ನೋಡಲು ಗ್ರೀಸಿಗೆ ಹೋಗಬೇಕಿಲ್ಲ. ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯ ಊರುಗಳಲ್ಲಿ ಹನುಮಪ್ಪನ ಗುಡಿಯ ಪಕ್ಕದಲ್ಲೋ ಹೊಲದ ಬದುವಿನಲ್ಲೋ ವೀರಗಲ್ಲು ಸಿಗುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಹಲವು ಕಡೆ ಬಿಡಿಸಿ ತಂದ ದನ. ನಡುವಿನ ಪಟ್ಟಿಯಲ್ಲಿ ವೀರನ ಎಡಬಲಕ್ಕೆ ಇಬ್ಬರು ಅಪ್ಸರೆಯರು, ಅವನನ್ನು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಎದುರು ಅವನು ಕೂತಿದ್ದಾನೆ, ತುದಿಯಲ್ಲಿ ಸೂರ್ಯ, ಚಂದ್ರ. ಯಮನೂ ಇಲ್ಲ, ಪಾಶವೂ ಇಲ್ಲ. ಊರಿಗಾಗಿ ಸತ್ತು, ಊರವರಿಂದ ಕಲ್ಲು ನೆಡಿಸಿಕೊಂಡವನನ್ನು ಯಾರೂ ಎಳೆದೊಯ್ಯುವುದಿಲ್ಲ ಎಂಬ ನಂಬಿಕೆ ಅದು. ಆ ಪಾತ್ರೆಯ ಚಿತ್ರವನ್ನು ಇದರ ಪಕ್ಕ ಇಟ್ಟು ನೋಡಿ. ಹಾಗಂತ ಒಬ್ಬರಿಂದ ಒಬ್ಬರು ಕದ್ದರು ಎಂದು ವಾದ ಹೂಡಬೇಡಿ, ಅದಕ್ಕೆ ಆಧಾರವಿಲ್ಲ.

ಇನ್ನು ಯಮ. ಋಗ್ವೇದದ ಹತ್ತನೇ ಮಂಡಲದ 14ನೇ ಸೂಕ್ತದಲ್ಲಿ ಅವನು ದಾರಿ ಕಂಡುಹಿಡಿದವನು. ಹಿರಿಯರು ಹೋದ ದಾರಿಯಲ್ಲೇ ಹೋಗು ಎಂದು ಸತ್ತವನಿಗೆ ಹೇಳುತ್ತಾರೆ. ನಾಲ್ಕು ಕಣ್ಣಿನ ಎರಡು ನಾಯಿಗಳ ಭಯ ಇದೆ ನಿಜ, ಆದರೆ ಅವುಗಳ ಕಾವಲಿಗೇ ಸತ್ತವನನ್ನು ಒಪ್ಪಿಸುತ್ತಾರೆ. ಲೆಕ್ಕದ ಪುಸ್ತಕ ಇನ್ನೂ ತೆರೆದಿಲ್ಲ.

ಪಾಪಪುಣ್ಯ ತೂಗುವ ಕೆಲಸವೂ ಅವನ ಹೆಗಲೇರಿದ ಮೇಲೆ ಎಲ್ಲ ಬದಲಾಯಿತು. ಚಿತ್ರಗುಪ್ತ ಬಂದ, ದೂತರು ಬಂದರು, ವೈತರಣಿ ಬಂತು. ದಾರಿ ತೋರಿಸುವವನನ್ನು ನಂಬುತ್ತೇವೆ, ತೀರ್ಪು ಕೊಡುವವನಿಗೆ ಹೆದರುತ್ತೇವೆ. ಆದರೂ ಗರುಡಪುರಾಣವೇ ಯಮ ಪಾಪಿಗೆ ಭಯಂಕರನಾಗಿಯೂ ಪುಣ್ಯವಂತನಿಗೆ ಸೌಮ್ಯನಾಗಿಯೂ ಕಾಣುತ್ತಾನೆ ಎನ್ನುತ್ತದೆ. ಸೂತಕದ ಮನೆಯಲ್ಲಿ ಅದನ್ನು ಓದುವ ಕೆಲವರು ಎಣ್ಣೆ ಕೊಪ್ಪರಿಗೆಯ ಭಾಗವನ್ನಷ್ಟೇ ಏರುದನಿಯಲ್ಲಿ ಓದಿ, ಉಳಿದದ್ದನ್ನು ಹಾರಿಸಿಬಿಡುತ್ತಾರೆ. ದಾನದ ಪಟ್ಟಿ ಮಾತ್ರ ಹಾರಿಸುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ಸಾವಿತ್ರಿಯ ಕಥೆಯಲ್ಲಿ ಪಾಶ ಹಿಡಿದ ಯಮನೇ ಬರುತ್ತಾನೆ. ಸತ್ಯವಾನನಂಥ ಸದ್ಗುಣಿಗೆ ದೂತರನ್ನು ಕಳಿಸುವುದು ತಕ್ಕದ್ದಲ್ಲ, ಅದಕ್ಕೇ ನಾನೇ ಬಂದೆ ಎನ್ನುತ್ತಾನೆ. ಅವಳ ಜೊತೆ ಮಾತಾಡುತ್ತ ನಡೆದು, ಕೊನೆಗೆ ಗಂಡನನ್ನೇ ಬಿಟ್ಟುಕೊಡುತ್ತಾನೆ.

ಕುಡುಗೋಲು ಹಿಡಿದ ಅಸ್ಥಿಪಂಜರ ಬೈಬಲ್‌ನಲ್ಲಿ ಬರುವ ಸಾವೇ? — ಓದುಗರು, ಸಿಂಧನೂರು

ಅಲ್ಲ. ಬೈಬಲಿನ ಕೊನೆಯ ಪುಸ್ತಕದಲ್ಲಿ ಸಾವು ಕುದುರೆ ಏರಿ ಬರುತ್ತದೆ, ಕೈಯಲ್ಲಿ ಕುಡುಗೋಲಿಲ್ಲ. ನೀವು ನೋಡಿದ ರೂಪ ಯುರೋಪಿನಲ್ಲಿ ಬೇರೂರಿದ್ದು 14ನೇ ಶತಮಾನದ ಮಹಾಪ್ಲೇಗಿನ ನಂತರ. ರಾಜ, ಪಾದ್ರಿ, ಕೂಲಿ ಎನ್ನದೆ ಎಲ್ಲರೂ ಸತ್ತು, ಹೂಳುವವರೂ ಸಿಗದ ಕಾಲ ಅದು.

ರಾತ್ರಿ ನಾಯಿ ಊಳಿಟ್ಟರೆ ಯಮದೂತರು ಬಂದಂತೆಯೇ? — ಓದುಗರು, ಮಾನ್ವಿ

ಇನ್ನೊಂದು ನಾಯಿ ಬಂದಂತೆ.

ಕನಸಿನಲ್ಲಿ ಕೋಣ ಬಂತು. ಮೃತ್ಯುದೋಷ ಅಂತ ಒಬ್ಬರು ಶಾಂತಿಗೆ ದುಡ್ಡು ಕೇಳ್ತಿದ್ದಾರೆ. ಕೊಡಲೇ? — ಓದುಗರು, ಸಿರುಗುಪ್ಪ

ಒಂದು ರೂಪಾಯಿಯೂ ಕೊಡಬೇಡಿ. ದಿನಾ ಎಮ್ಮೆ ಕೋಣ ನೋಡುವವರ ಕನಸಿಗೆ ಒಂಟೆ ಬರುತ್ತದೆಯೇ? ಎದೆನೋವು, ಉಬ್ಬಸ ಏನಾದರೂ ಇದ್ದರೆ ನಾಳೆ ಬೆಳಿಗ್ಗೆಯೇ ದವಾಖಾನೆಗೆ ಹೋಗಿ.