ಹತ್ತು ಸಾವಿರಕ್ಕೆ ಸಾವಿರ ಅಂದರೆ ನೂರಕ್ಕೆ ಎಷ್ಟು ರೂಪಾಯಿ ಬಡ್ಡಿ?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಚಳ್ಳಕೆರೆ ತಾಲ್ಲೂಕಿನ ನಮ್ಮೂರ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯುವವಳು ನಾನೇ. ನಮ್ಮಲ್ಲಿ ಎಂಟು ಜನ ದಿನದ ಕಲೆಕ್ಷನ್ ಸಾಲ ತೆಗೆದುಕೊಂಡಿದ್ದಾರೆ. ಹತ್ತು ಸಾವಿರ ಅಂತ ಬರೆದುಕೊಂಡು, ಸಾವಿರ ಮುರಿದುಕೊಂಡು, ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ನಾನು ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 36 ಬಂತು. ಬ್ಯಾಂಕಿನಲ್ಲಿರುವ ನನ್ನ ತಮ್ಮ ಶೇ 80ರ ಹತ್ತಿರ ಅನ್ನುತ್ತಾನೆ. ಯಾವುದು ಸರಿ? ಮುಂದಿನ ವಾರದ ಸಭೆಯಲ್ಲಿ ಹತ್ತು ನಿಮಿಷ ಇದನ್ನೇ ಮಾತಾಡಬೇಕು. ಶಾಲೆ ಮೆಟ್ಟಿಲು ಹತ್ತದವರೂ ಇದ್ದಾರೆ. ಹೇಗೆ ಹೇಳಲಿ?

— ಓದುಗರು, ಚಳ್ಳಕೆರೆ ತಾಲ್ಲೂಕು

ಸಂಪಾದಕರ ಉತ್ತರ

ನಿಮ್ಮ ತಮ್ಮ ಹೇಳಿದ್ದೇ ಸರಿ ಅಮ್ಮಾ. ಆದರೆ ನಿಮ್ಮ ಲೆಕ್ಕ ಎಲ್ಲಿ ಜಾರಿತು ಅನ್ನುವುದನ್ನು ಮೊದಲು ನೋಡೋಣ. ಸಭೆಯಲ್ಲಿ ಎಲ್ಲರೂ ಜಾರುವುದು ಅಲ್ಲಿಯೇ.

ಹತ್ತು ಸಾವಿರಕ್ಕೆ ಸಾವಿರ ಅಂದರೆ ನೂರಕ್ಕೆ ಹತ್ತು. ನೂರು ದಿನಕ್ಕೆ ಹತ್ತಾದರೆ ವರ್ಷಕ್ಕೆ ಮೂವತ್ತಾರೂವರೆ ಎಂದು ನೀವು ಹಿಡಿದಿದ್ದೀರಿ. ಹತ್ತು ಸಾವಿರವೂ ನೂರು ದಿನ ಪೂರ್ತಿ ಸಾಲ ತಂದ ಹೆಣ್ಣುಮಗಳ ಕೈಯಲ್ಲೇ ಇದ್ದಿದ್ದರೆ ಅದು ಸರಿಯಾಗುತ್ತಿತ್ತು. ಇಲ್ಲಿ ಆಕೆಗೆ ಸಿಕ್ಕಿದ್ದೇ ಒಂಬತ್ತು ಸಾವಿರ. ಅದರಲ್ಲೂ ಮಾರನೆಯ ದಿನದಿಂದಲೇ ನೂರು ನೂರಾಗಿ ವಾಪಸ್ಸು ಹೋಗುತ್ತಿದೆ. ಐವತ್ತನೆಯ ದಿನದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ದುಡ್ಡು ಅವರ ಚೀಲ ಸೇರಿರುತ್ತದೆ. ಬಡ್ಡಿ ಮಾತ್ರ ಹತ್ತು ಸಾವಿರಕ್ಕೆ, ನೂರು ದಿನಕ್ಕೆ, ಮೊದಲ ದಿನವೇ ಮುರಿದಾಗಿದೆ.

ಸಭೆಯಲ್ಲಿ ಶೇಕಡಾ ಅನ್ನುವ ಮಾತನ್ನೇ ಎತ್ತಬೇಡಿ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಹೆಣ್ಣುಮಕ್ಕಳಿಗೆ ಬಡ್ಡಿ ಗೊತ್ತಿರುವುದು ‘ನೂರಕ್ಕೆ ಎರಡು ರೂಪಾಯಿ’, ‘ನೂರಕ್ಕೆ ಮೂರು ರೂಪಾಯಿ’ ಅನ್ನುವ ಲೆಕ್ಕದಲ್ಲಿ. ತಿಂಗಳಿಗೆ ನೂರಕ್ಕೆ ಐದು ಅಂದರೆ ಸಾಕು, ಯಾರೂ ಲೆಕ್ಕ ಕಲಿಸದಿದ್ದರೂ ‘ಅಯ್ಯೋ ಐದು ರೂಪಾಯಿ ಬಡ್ಡಿನಾ’ ಅಂತ ಬಾಯಿಬಿಡುತ್ತಾರೆ. ದಿನದ ಸಾಲವನ್ನೂ ಅದೇ ಅಳತೆಗೆ ತಂದು ತೋರಿಸುವುದಷ್ಟೇ ನಿಮ್ಮ ಕೆಲಸ.

ಅದಕ್ಕೆ ನೂರು ಹುಣಸೆ ಬೀಜ ಒಯ್ಯಿರಿ. ಒಂದು ಬೀಜ ಅಂದರೆ ನೂರು ರೂಪಾಯಿ. ಕಲೆಕ್ಷನ್ ಕಾರ್ಡ್ ಇರುವ ಒಬ್ಬ ಅಕ್ಕನನ್ನು ಮುಂದೆ ಕೂರಿಸಿ, ನೂರು ಬೀಜ ಎಣಿಸಿ ಆಕೆಯ ಮುಂದಿಟ್ಟು, ಆಕೆ ಕೈಯಿಡುವ ಮೊದಲೇ ಹತ್ತು ಬೀಜ ವಾಪಸ್ಸು ತೆಗೆದುಕೊಳ್ಳಿ. ಉಳಿದದ್ದು ತೊಂಬತ್ತು. ಆಮೇಲೆ ‘ಇವತ್ತು ಒಂದು, ನಾಳೆ ಒಂದು’ ಎನ್ನುತ್ತಾ ಒಂದೊಂದೇ ಬೀಜ ನಿಮ್ಮ ಕಡೆಗೆ ಎಳೆದುಕೊಳ್ಳುತ್ತಾ ಹೋಗಿ. ಹತ್ತು ಹದಿನೈದು ಎಳೆದ ಮೇಲೆ ನಿಂತು ಕೇಳಿ: ‘ಅಕ್ಕ, ಒಂದು ತಿಂಗಳಾದ ಮೇಲೆ ನಿನ್ನ ಹತ್ತಿರ ಎಷ್ಟು ಬೀಜ ಇರುತ್ತೆ? ಎರಡು ತಿಂಗಳಿಗೆ ಎಷ್ಟು?’ ಅರವತ್ತು, ಮೂವತ್ತು ಎಂದು ಅವರೇ ಎಣಿಸಿ ಹೇಳುತ್ತಾರೆ. ಮೊದಲು ತೊಂಬತ್ತು, ಕೊನೆಗೆ ಏನೂ ಇಲ್ಲ. ಅಂದರೆ ಸರಾಸರಿ ಆಕೆಯ ಕೈಯಲ್ಲಿ ಓಡಾಡಿದ್ದು ನಲವತ್ತೈದು ಬೀಜ, ನಾಲ್ಕೂವರೆ ಸಾವಿರ ರೂಪಾಯಿ.

ಈ ‘ಸರಾಸರಿ’ ಕೆಲವರಿಗೆ ಹಿಡಿಯದೇ ಹೋಗಬಹುದು. ಅವರಿಗೆ ಶಾಮಿಯಾನದ ಅಂಗಡಿ ಉದಾಹರಣೆ ಕೊಡಿ. ನೂರು ಕುರ್ಚಿ ಬಾಡಿಗೆಗೆ ತಂದಿರಿ. ಹತ್ತು ಗಾಡಿಯಿಂದ ಇಳಿಯಲೇ ಇಲ್ಲ. ಉಳಿದ ತೊಂಬತ್ತರಲ್ಲಿ ದಿನಕ್ಕೊಂದು ಕುರ್ಚಿ ವಾಪಸ್ಸು ಕೊಡುತ್ತಾ ಬಂದಿರಿ. ಕೊನೆಗೆ ಅಂಗಡಿಯವನು ನೂರು ಕುರ್ಚಿಗೆ, ನೂರು ದಿನದ ಬಾಡಿಗೆ ಕೇಳಿದರೆ ಕೊಡುತ್ತೀರಾ? ಕುರ್ಚಿಯಾದರೆ ಜಗಳ ತೆಗೆಯುವವರು ದುಡ್ಡಿನ ವಿಷಯದಲ್ಲಿ ಸುಮ್ಮನೆ ಕೊಡುತ್ತಿದ್ದಾರೆ. ದುಡ್ಡು ವಾಪಸ್ಸು ಹೋಗುವುದು ಕುರ್ಚಿಯ ಹಾಗೆ ಕಣ್ಣಿಗೆ ಕಾಣುವುದಿಲ್ಲವಲ್ಲ.

ಈಗ ಊರಿನ ಲೆಕ್ಕ. ನೂರು ದಿನಕ್ಕೆ ಸಾವಿರ ಅಂದರೆ ತಿಂಗಳಿಗೆ ಮುನ್ನೂರು ರೂಪಾಯಿ ಬಡ್ಡಿ. ಕೈಯಲ್ಲಿದ್ದದ್ದು ನಲವತ್ತೈದು ನೂರುಗಳು. ಮುನ್ನೂರನ್ನು ನಲವತ್ತೈದಕ್ಕೆ ಹಂಚಿದರೆ ನೂರಕ್ಕೆ ಆರು ರೂಪಾಯಿ ಅರವತ್ತಾರು ಪೈಸೆ. ನೂರಕ್ಕೆ ಆರೂವರೆ ರೂಪಾಯಿ ಬಡ್ಡಿ ಎಂದರೆ ಸಾಕು, ಸಭೆಯೇ ಮಿಕ್ಕಿದ್ದನ್ನು ಮಾತಾಡುತ್ತದೆ. ಅದನ್ನು ಹನ್ನೆರಡು ತಿಂಗಳಿಗೆ ಹಿಡಿದರೆ ನಿಮ್ಮ ತಮ್ಮ ಹೇಳಿದ ಎಂಬತ್ತು. ಕಂಪ್ಯೂಟರಿನಲ್ಲಿ ದಿನದಿನದ ಲೆಕ್ಕ ಹಾಕಿದರೆ 78ರ ಆಸುಪಾಸು ಬರುತ್ತದೆ. ಆ ಎರಡರ ವ್ಯತ್ಯಾಸಕ್ಕೆ ಸಭೆಯ ಹೊತ್ತು ಕಳೆಯುವುದು ಬೇಡ. ಸಾವಿರದ ಬದಲು ಸಾವಿರದೈನೂರು ಮುರಿದುಕೊಳ್ಳುವವರಿಂದ ತಂದಿದ್ದರೆ ಅದು ನೂರಕ್ಕೆ ಹತ್ತು ರೂಪಾಯಿ ಬಡ್ಡಿ ಮುಟ್ಟುತ್ತದೆ. ಮುರಿಯುವ ದುಡ್ಡು ಐನೂರು ಏರಿದರೆ ಬಡ್ಡಿ ಒಂದೂವರೆ ಪಟ್ಟಾಗುತ್ತದೆ.

ಒಬ್ಬರಾದರೂ ಎದ್ದು ‘ನಾನು ವರ್ಷಕ್ಕೆ ಎಂಬತ್ತು ಎಲ್ಲಿ ಕಟ್ಟಿದೀನಿ? ಹೋಗಿದ್ದು ಸಾವಿರ ತಾನೆ’ ಅನ್ನುತ್ತಾರೆ. ಅವರು ಹೇಳಿದ್ದೂ ನಿಜ, ಅದನ್ನು ಒಪ್ಪಿಕೊಳ್ಳಿ. ಒಂದೇ ಸಲ ತಂದು ಒಂದೇ ಸಲ ತೀರಿಸಿದರೆ ಹೋಗುವುದು ಸಾವಿರವೇ. ಮಗುವಿಗೆ ಜ್ವರ ಬಂದು ರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ, ಕಾಗದಪತ್ರ ಕೇಳದೆ ಮನೆ ಬಾಗಿಲಿಗೆ ದುಡ್ಡು ತಂದುಕೊಟ್ಟವನಿಗೆ ಆ ಸಾವಿರ ಕೊಟ್ಟದ್ದು ತಪ್ಪು ಎಂದು ನಾನು ಹೇಳಲಾರೆ. ವರ್ಷದ ಲೆಕ್ಕ ಬೇಕಾಗುವುದು ಎರಡು ಸಾಲವನ್ನು ಪಕ್ಕಪಕ್ಕ ಇಟ್ಟು ತೂಗುವುದಕ್ಕೆ. ಇನ್ನೊಂದು, ಆ ಸಾಲ ಒಂದೇ ಸಲಕ್ಕೆ ನಿಲ್ಲದೇ ಇದ್ದಾಗ. ನಿಜವಾಗಿ ದುಡ್ಡು ಸೋರುವುದು ಈ ಎರಡನೆಯದರಲ್ಲಿ.

ನಮ್ಮ ಕಚೇರಿ ಇರುವ ದಾವಣಗೆರೆಯ ಬೀದಿಯಲ್ಲಿ ಹೂ ಮಾರುವ ಹೆಂಗಸೊಬ್ಬರಿದ್ದಾರೆ. ಸಂಜೆ ನಾಲ್ಕಕ್ಕೆ ಬೈಕಿನಲ್ಲಿ ಒಬ್ಬ ಹುಡುಗ ಬರುತ್ತಾನೆ. ಆಕೆ ಎಲೆಅಡಿಕೆ ಚೀಲದಿಂದ ನಾಲ್ಕು ಮಡಿಕೆಯಾದ ಗುಲಾಬಿ ಬಣ್ಣದ ಕಾರ್ಡ್ ತೆಗೆದು ಕೊಡುತ್ತಾರೆ, ಹುಡುಗ ಅದರ ಒಂದು ಚೌಕದ ಮನೆಯಲ್ಲಿ ತಾರೀಖು ಬರೆದು ಸಹಿ ಹಾಕುತ್ತಾನೆ. ಗಾಡಿ ಆಫ್ ಕೂಡ ಮಾಡುವುದಿಲ್ಲ. ಒಂದು ದಿನ ಆ ಕಾರ್ಡ್ ಕೇಳಿ ನೋಡಿದೆ. ನೂರು ಮನೆಗಳಲ್ಲಿ ಅರವತ್ತು ತುಂಬಿದ್ದವು. ‘ನಾಳೆಗೆ ಹೊಸ ಕಾರ್ಡು ಸಾರ್, ಮತ್ತೆ ಹತ್ತು ಸಾವಿರ ಕೊಡ್ತಾರೆ’ ಎಂದರು. ಕೈಗೆ ಎಷ್ಟು ಬರುತ್ತೆ ಎಂದು ಕೇಳಿದೆ. ‘ಐದು’.

ಆ ಐದರ ಲೆಕ್ಕ ನೋಡಿ. ಹಳೇ ಕಾರ್ಡಿನಲ್ಲಿ ನಲವತ್ತು ದಿನ ಬಾಕಿ ಇದೆ, ನಾಲ್ಕು ಸಾವಿರ. ಹೊಸ ಹತ್ತು ಸಾವಿರದಲ್ಲಿ ಆ ನಾಲ್ಕು ಸಾವಿರ ಮುರಿದರು. ಹೊಸ ಸಾಲದ ಬಡ್ಡಿಯೆಂದು ಇನ್ನೊಂದು ಸಾವಿರ ಮುರಿದರು. ಉಳಿದದ್ದು ಐದು. ಆದರೆ ಬಾಕಿ ನಾಲ್ಕು ಸಾವಿರಕ್ಕೆ ಬಡ್ಡಿ ಮೊದಲ ಕಾರ್ಡಿನ ದಿನವೇ ಮುರಿದಾಗಿತ್ತು. ಅದೇ ದುಡ್ಡಿಗೆ ಈಗ ಎರಡನೇ ಸಲ ಬಡ್ಡಿ ಬಿತ್ತು. ಹೀಗೆ ಅರವತ್ತು ದಿನಕ್ಕೊಮ್ಮೆ ಕಾರ್ಡ್ ಬದಲಾಗುತ್ತಾ ಹೋದರೆ, ಮೊದಲ ಸಲದ ಒಂಬತ್ತು ಸಾವಿರ ಬಿಟ್ಟು, ಆಮೇಲೆ ಪ್ರತಿ ಎರಡು ತಿಂಗಳಿಗೆ ಆಕೆ ಆರು ಸಾವಿರ ಕಟ್ಟಿ ಐದು ಸಾವಿರ ಪಡೆಯುತ್ತಾರೆ. ವರ್ಷಕ್ಕೆ ಆರು ಕಾರ್ಡ್, ಆರು ಸಾವಿರ ಬಡ್ಡಿ. ಆಕೆಯ ಕೈಯಲ್ಲಿ ಯಾವತ್ತೂ ಒಂಬತ್ತು ಸಾವಿರಕ್ಕಿಂತ ಹೆಚ್ಚು ಸಾಲದ ದುಡ್ಡು ಇರಲೇ ಇಲ್ಲ. ವರ್ಷದ ಕೊನೆಗೆ ನಾಲ್ಕು ಸಾವಿರ ಬಾಕಿಯೂ ಹಾಗೇ ನಿಂತಿರುತ್ತದೆ.

ನಿಮ್ಮ ಎಂಟು ಜನರಲ್ಲಿ ಎಷ್ಟು ಮಂದಿಯದು ಮೊದಲ ಕಾರ್ಡ್, ಎಷ್ಟು ಮಂದಿಯದು ಬದಲಾಯಿಸಿದ ಕಾರ್ಡ್ ಎಂದು ಸಭೆಗೆ ಮೊದಲೇ ಮನೆಗೆ ಹೋಗಿ ಕೇಳಿ. ಎಲ್ಲರ ಎದುರು ಕೇಳಿದರೆ ಮುಚ್ಚಿಡುತ್ತಾರೆ. ಗಂಡನಿಗೇ ಹೇಳದೆ ತಂದವರೂ ಇರುತ್ತಾರೆ.

ಕಾಯಿದೆಯ ಮಾತೂ ಒಂದಿಷ್ಟು ಇರಲಿ. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರರೂ ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಊರಿನ ಲೆಕ್ಕದಲ್ಲಿ ಅದು ನೂರಕ್ಕೆ ಒಂದೂವರೆ ರೂಪಾಯಿಯೂ ಆಗುವುದಿಲ್ಲ. ವಿಪರೀತ ಬಡ್ಡಿ ವಿಧಿಸುವುದನ್ನು ತಡೆಯಲು 2004ರ ಕಾಯಿದೆಯಿದೆ. ವಸೂಲಿಯ ಹೆಸರಿನಲ್ಲಿ ಕಿರುಕುಳ ಕೊಡುವುದರ ವಿರುದ್ಧ 2025ರಲ್ಲಿ ಸುಗ್ರೀವಾಜ್ಞೆ ಬಂತು. ಯಾರಾದರೂ ಮನೆ ಮುಂದೆ ಬಂದು ಬೆದರಿಸುತ್ತಿದ್ದರೆ ಪೊಲೀಸ್ ಠಾಣೆಗೆ ಒಬ್ಬರನ್ನೇ ಕಳಿಸಬೇಡಿ, ಸಂಘದಿಂದ ನಾಲ್ಕು ಜನ ಜೊತೆಗೆ ಹೋಗಿ.

ಲೆಕ್ಕ ಕೇಳಿದ ಮೇಲೆ ಕಾರ್ಡ್ ಅರ್ಧಕ್ಕೆ ಬಂದವರು ‘ಹಾಗಾದರೆ ಇವತ್ತೇ ಪೂರ್ತಿ ತೀರಿಸಿಬಿಡಲಾ?’ ಎಂದು ಕೇಳಬಹುದು. ಅವಸರ ಬೇಡ ಎನ್ನಿ. ಬಡ್ಡಿ ಮೊದಲೇ ಮುರಿದಿರುವುದರಿಂದ ಬೇಗ ತೀರಿಸಿದರೆ ಅದರಲ್ಲಿ ಒಂದಿಷ್ಟು ವಾಪಸ್ಸು ಕೊಡುತ್ತಾರಾ ಎಂದು ಮೊದಲು ಕೇಳಲಿ. ಕೊಡದಿದ್ದರೆ ಬೇಗ ಕಟ್ಟಿ ಲಾಭವಿಲ್ಲ, ಅದೇ ಸಾವಿರ ಕಡಿಮೆ ದಿನಕ್ಕೆ ಹೋದಂತಾಗುತ್ತದೆ. ನೂರು ಮನೆ ತುಂಬುವವರೆಗೆ ಕಟ್ಟಲಿ, ಅರವತ್ತಕ್ಕೆ ಹೊಸ ಕಾರ್ಡ್ ಮಾತ್ರ ಬೇಡ.

ಕಷ್ಟ ಬರುವುದು ಅರವತ್ತರಿಂದ ನೂರರ ನಡುವೆ. ಹೂವಿಗೋ ತರಕಾರಿಗೋ ಬಂಡವಾಳ ಸಾಲದೆ ಕೈ ಬಿಗಿಯಾಗುತ್ತದೆ, ಕಲೆಕ್ಷನ್ ಹುಡುಗ ‘ಹೊಸದು ಮಾಡಿಕೊಡಲಾ ಅಕ್ಕ’ ಎನ್ನುವುದೂ ಆಗಲೇ. ನಿಮ್ಮ ಸಂಘ ನಿಲ್ಲಬೇಕಾದದ್ದು ಅಲ್ಲಿ. ಸಂಘದ ಒಳಸಾಲಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಇದೆ ಎಂದುಕೊಳ್ಳಿ. ಅದೇ ಒಂಬತ್ತು ಸಾವಿರವನ್ನು ಸಂಘದಿಂದ ತಂದು ನೂರು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ತೀರಿಸಿದರೆ ಬಡ್ಡಿ ಮುನ್ನೂರು ರೂಪಾಯಿ. ಅಲ್ಲಿ ಸಾವಿರ, ಇಲ್ಲಿ ಮುನ್ನೂರು, ಆ ಮುನ್ನೂರೂ ನಿಮ್ಮದೇ ಪೆಟ್ಟಿಗೆಗೆ. ಆದರೆ ಪುಸ್ತಕ ಬರೆಯುವವರು ನೀವು, ಒಂದು ಎಚ್ಚರಿಕೆ ಇರಲಿ. ಕಂತು ಬಂದಂತೆಲ್ಲ ಉಳಿದ ಅಸಲಿಗೆ ಮಾತ್ರ ಬಡ್ಡಿ ಬರೆಯಿರಿ. ಮೊದಲು ಕೊಟ್ಟ ಮೊತ್ತಕ್ಕೇ ಕೊನೆಯ ತನಕ ಎರಡು ರೂಪಾಯಿ ಹಾಕುತ್ತಾ ಹೋದರೆ ನಿಮ್ಮ ಬಡ್ಡಿಯೂ ಹೆಚ್ಚುಕಡಿಮೆ ನಾಲ್ಕು ರೂಪಾಯಿ ಆಗಿಬಿಡುತ್ತದೆ.

ನೂರನೆಯ ಮನೆ ತುಂಬಿದ ಮಾರನೆಯ ದಿನ ಸಂಜೆ ನಾಲ್ಕಕ್ಕೆ ಆ ನೂರು ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಆವತ್ತೇ ಅದೇ ಹೊತ್ತಿಗೆ ಸಂಘದವರೊಬ್ಬರು ಹೋಗಿ ಅದನ್ನು ಆಕೆಯ ಉಳಿತಾಯಕ್ಕೆ ಬರೆದುಕೊಳ್ಳುವ ವ್ಯವಸ್ಥೆ ಮಾಡಿ. ದಿನಾ ನೂರು ಕೊಡುವ ಅಭ್ಯಾಸ ಆಕೆಗೆ ಆಗಲೇ ಇದೆ. ತೊಂಬತ್ತು ದಿನಕ್ಕೆ ಒಂಬತ್ತು ಸಾವಿರ ಆಕೆಯದೇ ಆಗುತ್ತದೆ. ಮೊದಲ ದಿನ ಕಲೆಕ್ಷನ್‌ನವರು ಕೈಗೆ ಕೊಟ್ಟಿದ್ದೂ ಅಷ್ಟೇ ದುಡ್ಡು.