‘ಅಪಾಯ ಎರಡು ಪಟ್ಟು’ ಎಂದು ಬರೆಯುವ ಮೊದಲು ಕೋಷ್ಟಕ ನೋಡಿ

“ದೇವದುರ್ಗ ತಾಲ್ಲೂಕಿನ ಗರ್ಭಿಣಿಯರ ರಕ್ತಹೀನತೆ ಕುರಿತ ನನ್ನ ಪ್ರಬಂಧಕ್ಕೆ ಆಶಾ ಕಾರ್ಯಕರ್ತೆಯರು ಓದಲೆಂದು ಎರಡು ಪುಟದ ಕನ್ನಡ ಸಾರಾಂಶ ಬರೆದಿದ್ದೇನೆ. ಕರಡು ಲಗತ್ತಿಸಿದ್ದೇನೆ. ಪ್ರಿವಲೆನ್ಸ್, ಆಡ್ಸ್ ರೇಷಿಯೊ, ಸಿಗ್ನಿಫಿಕೆಂಟ್ – ಇವಕ್ಕೆ ಯಾವ ಪದ ಬಳಸಲಿ?”

ಮೇಡಂ, ಕರಡನ್ನು ಪೂರ್ತಿ ಓದಿದೆ. ನೀವು ಕೇಳಿದ ಮೂರು ಪದಗಳಿಗಿಂತ, ಕೇಳದೇ ಬಿಟ್ಟ ‘ಪ್ರಮಾಣ’ವೇ ಹೆಚ್ಚು ತೊಂದರೆ ಕೊಡುತ್ತಿದೆ. ಮೊದಲ ಪುಟದಲ್ಲೇ ರಕ್ತಹೀನತೆಯ ಪ್ರಮಾಣ, ಹಿಮೋಗ್ಲೋಬಿನ್ ಪ್ರಮಾಣ, ಕಬ್ಬಿಣಾಂಶದ ಮಾತ್ರೆಯ ಪ್ರಮಾಣ ಮೂರೂ ಇವೆ. ‘ಪ್ರಮಾಣ 11ಕ್ಕಿಂತ ಕಡಿಮೆ’ ಎಂದು ಓದಿದವರು ಹಿಮೋಗ್ಲೋಬಿನ್ 11 ಗ್ರಾಂ ಎನ್ನುವ ಬದಲು ಶೇಕಡಾ 11 ಎಂದುಕೊಂಡರೆ ತಪ್ಪು ಅವರದಲ್ಲ. ಆ ಪದವನ್ನೇ ಕೈಬಿಡಿ. ಪ್ರಿವಲೆನ್ಸ್‌ಗೆ ‘100 ಗರ್ಭಿಣಿಯರಲ್ಲಿ ಇಷ್ಟು ಮಂದಿ’, ಹಿಮೋಗ್ಲೋಬಿನ್‌ಗೆ ‘ಮಟ್ಟ’, ಮಾತ್ರೆಗೆ ‘ದಿನಕ್ಕೆ ಎಷ್ಟು’ ಎಂದು ಬರೆದರೆ ಸಾಕು. ಹಿಮೋಗ್ಲೋಬಿನ್‌ಗೆ ಹೇಳುವ ‘ಎಚ್‌ಬಿ’ ಎಂಬುದು ಆಶಾ ಕಾರ್ಯಕರ್ತೆಯರ ಬಾಯಲ್ಲಿ ದಿನವೂ ಇರುವ ಮಾತು. ಅದನ್ನು ಸಂಸ್ಕೃತಕ್ಕೆ ತಿರುಗಿಸಲು ಹೋಗಬೇಡಿ.

ಈಗ ಆಡ್ಸ್ ವಿಷಯ. ‘ಮಾತ್ರೆ ಬಿಟ್ಟವರಿಗೆ ಅಪಾಯ 2.25 ಪಟ್ಟು’ ಎಂದು ಬರೆದಿದ್ದೀರಿ. ದಯವಿಟ್ಟು ಇದನ್ನು ಮುದ್ರಣಕ್ಕೆ ಕೊಡಬೇಡಿ. ಲೆಕ್ಕ ಸುಲಭವಾಗಲೆಂದು ಎರಡೂ ಗುಂಪಿನಲ್ಲಿ 100 ಮಂದಿ ಎಂದುಕೊಳ್ಳೋಣ. ಮಾತ್ರೆ ಬಿಟ್ಟವರಲ್ಲಿ 60 ಮಂದಿಗೆ, ತೆಗೆದುಕೊಂಡವರಲ್ಲಿ 40 ಮಂದಿಗೆ ರಕ್ತಹೀನತೆ ಇದೆ ಎನ್ನಿ. 60ನ್ನು 40ರಿಂದ ಭಾಗಿಸಿದರೆ ಒಂದೂವರೆ ಪಟ್ಟು. ಊರಿನ ಓದುಗರು ‘ಪಟ್ಟು’ ಎಂದಾಗ ಮಾಡುವ ಲೆಕ್ಕ ಇದೇ. ಆಡ್ಸ್ ಲೆಕ್ಕ ಬೇರೆ, ಅಲ್ಲಿ ರಕ್ತಹೀನತೆ ಇದ್ದವರನ್ನು ಇಲ್ಲದವರಿಂದ ಭಾಗಿಸಬೇಕು: ಒಂದು ಗುಂಪಿನಲ್ಲಿ ಇದ್ದವರು 60, ಇಲ್ಲದವರು 40, ಇನ್ನೊಂದರಲ್ಲಿ ಇದ್ದವರು 40, ಇಲ್ಲದವರು 60. ಮೊದಲ ಗುಂಪಿನ ಆಡ್ಸ್ ಒಂದೂವರೆ, ಎರಡನೆಯದರದು ಮೂರನೇ ಎರಡು. ಒಂದೂವರೆಯನ್ನು ಮೂರನೇ ಎರಡರಿಂದ ಭಾಗಿಸಿದಾಗ ಆಡ್ಸ್ ಅನುಪಾತ 2.25 ಬರುತ್ತದೆ. ಎರಡೂ ಸರಿಯೇ, ಆದರೆ ಎರಡನ್ನೂ ‘ಅಪಾಯ’ ಎಂದು ಕರೆದರೆ ಸುಳ್ಳಾಗುತ್ತದೆ. ರೋಗ ಅಪರೂಪವಾಗಿದ್ದರೆ, ಅಂದರೆ 100ಕ್ಕೆ 6 ಮತ್ತು 4 ಇದ್ದರೆ, ಆಡ್ಸ್ ಅನುಪಾತ 1.53 ಬರುತ್ತದೆ, ಒಂದೂವರೆಗೂ ಅದಕ್ಕೂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ರಕ್ತಹೀನತೆ ನಮ್ಮ ಕಡೆ ಅಪರೂಪವಲ್ಲ.

ಇದೇ ತಪ್ಪು ನಮ್ಮ ವಿಭಾಗದಿಂದ ಹೋದ ಸಾರಾಂಶವೊಂದರಲ್ಲೂ ಆಗಿತ್ತು. ಸಿಂಧನೂರಿನ ಸಭೆಯಲ್ಲಿ ಹಿರಿಯ ಆಶಾ ಒಬ್ಬರು ಎದ್ದು, “ನನ್ನ ಪಟ್ಟಿಯಲ್ಲಿ ಇಷ್ಟು ವ್ಯತ್ಯಾಸ ಕಾಣುತ್ತಿಲ್ಲವಲ್ಲ ಸರ್” ಎಂದರು. ಅವರು ಹೆಸರು ಹೆಸರಾಗಿ ಎಣಿಸಿಕೊಂಡು ಬಂದಿದ್ದರು. ಅಂಥವರ ಮುಂದೆ ಹಿಗ್ಗಿಸಿದ ಸಂಖ್ಯೆ ಇಟ್ಟರೆ ಉಳಿದ ಪುಟಗಳನ್ನೂ ಅವರು ನಂಬುವುದಿಲ್ಲ.

ಆದ್ದರಿಂದ ‘100ರಲ್ಲಿ 60, 100ರಲ್ಲಿ 40’ ಎಂಬಂತೆ ನಿಮ್ಮ ಎಣಿಕೆಯನ್ನೇ ಬರೆಯಿರಿ. ಆದರೆ ನಿಮ್ಮ 2.25 ವಯಸ್ಸು, ಹೆರಿಗೆಗಳ ಸಂಖ್ಯೆಯ ಪ್ರಭಾವವನ್ನೆಲ್ಲ ಲೆಕ್ಕದಲ್ಲಿ ಹೊಂದಿಸಿದ ಮೇಲೆ ಬಂದಿದ್ದರೆ ಅದನ್ನು ಹೀಗೆ ಬಿಡಿಸಲಾಗದು. ಮೂಲ ಕೋಷ್ಟಕದ ಎಣಿಕೆ ಕೊಟ್ಟು, ‘ಆಡ್ಸ್ ಅನುಪಾತ’ವನ್ನು ಅಡಿಟಿಪ್ಪಣಿಗೆ ಕಳುಹಿಸಿ. ರೋಗಿಗಳನ್ನೂ ಆರೋಗ್ಯವಂತರನ್ನೂ ಬೇರೆ ಬೇರೆ ಆರಿಸಿ ಹೋಲಿಸಿದ ಅಧ್ಯಯನವಾದರೆ 100ಕ್ಕೆ ಇಷ್ಟು ಎನ್ನುವ ಹಕ್ಕೂ ಇಲ್ಲ.

ಶಾಲಾ ಗಣಿತ ಪುಸ್ತಕದ ಪದಗಳನ್ನೇ ಬಳಸಿ ಎಂದು ಇದೇ ಚರ್ಚೆಯಲ್ಲಿ ಕೊಪ್ಪಳದ ಸರ್ ಹೇಳಿದ್ದು ಅರ್ಧ ಸರಿ. ಸರಾಸರಿ, ಮಧ್ಯಾಂಕ, ಸಂಭವನೀಯತೆ ಅಲ್ಲಿಂದಲೇ ಬರಲಿ, ಎಸ್ಸೆಸ್ಸೆಲ್ಸಿ ಓದಿದವರಿಗೆ ಪರಿಚಿತ. ಸಿಗ್ನಿಫಿಕೆಂಟ್ ಅಲ್ಲಿ ಸಿಗುವುದಿಲ್ಲ. ‘ಗಣನೀಯ’ ಬೇಡವೇ ಬೇಡ, ಅದು ‘ದೊಡ್ಡದು’ ಎಂದೇ ಕೇಳಿಸುತ್ತದೆ. ಸಾವಿರಾರು ಮಂದಿಯ ಅಧ್ಯಯನದಲ್ಲಿ ಸಣ್ಣ ವ್ಯತ್ಯಾಸಕ್ಕೂ ಪಿ ಮೌಲ್ಯ 0.05ಕ್ಕಿಂತ ಕೆಳಗೆ ಬಂದು ಅದು ಸಿಗ್ನಿಫಿಕೆಂಟ್ ಎನಿಸಬಹುದು. ‘ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವುದು ಅಪರೂಪ’ ಎಂದು ನಾನು ಬರೆಯುತ್ತೇನೆ. ಉದ್ದವಾಯಿತು, ಆದರೆ ದಾರಿ ತಪ್ಪಿಸುವುದಿಲ್ಲ. ಕಾನ್ಫಿಡೆನ್ಸ್ ಇಂಟರ್ವಲ್‌ಗೆ ‘ವಿಶ್ವಾಸ ವ್ಯಾಪ್ತಿ’ ಎಂದು ಬಳ್ಳಾರಿಯ ಮೇಡಂ ಸೂಚಿಸಿದ್ದಾರೆ. ನನಗಿನ್ನೂ ಒಪ್ಪಿಗೆಯಾಗಿಲ್ಲ, ಬೇರೆಯವರು ಹೇಳಲಿ.

‘ತೀವ್ರ’ವನ್ನೂ ಹಿಡಿದು ನೋಡಿ. ಒಂದು ಕಡೆ ದಿಢೀರನೆ ಬಂದ ಕಾಯಿಲೆಗೆ, ಇನ್ನೊಂದು ಕಡೆ 7 ಗ್ರಾಂಗಿಂತ ಕಡಿಮೆ ಎಚ್‌ಬಿಗೆ ಬಳಸಿದ್ದೀರಿ. ಎರಡನೆಯದಕ್ಕೆ ಮಾತ್ರ ಇಟ್ಟುಕೊಳ್ಳಿ.

ಪದ ಬದಲಿಸುವಾಗ ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ. ‘ಪ್ರಮಾಣ’ದ ಜಾಗಕ್ಕೆ ‘ಹರಡುವಿಕೆ’ ಹಾಕಿಸಿದವರ ಪ್ರತಿಯಲ್ಲಿ ‘ಹರಡುವಿಕೆದ’, ‘ಹರಡುವಿಕೆಪತ್ರ’ ಎಂದು ಅಚ್ಚಾಗಿದ್ದನ್ನು ನೋಡಿದ್ದೇನೆ. ಒಂದೊಂದಾಗಿ ಹುಡುಕಿ, ವಿಭಕ್ತಿ ನೋಡಿ ತಿದ್ದಿ. ಕಡತ ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟ್‌ನಲ್ಲಿದ್ದರೆ ಯೂನಿಕೋಡ್‌ನಲ್ಲಿ ಹುಡುಕಿದ ಪದ ಸಿಗುವುದೇ ಇಲ್ಲ, ತಪ್ಪಿಲ್ಲವೆಂದು ನಂಬಿ ಕೂರುತ್ತೀರಿ. ಮೊದಲು ಪರಿವರ್ತಿಸಿ, ಒತ್ತಕ್ಷರ ಪರೀಕ್ಷಿಸಿ. 2026ರ ಹೊತ್ತಿಗೂ ಹಳೆಯ ನುಡಿಯಲ್ಲೇ ಬೆರಳಚ್ಚು ಮಾಡಿಸುವವರ ಮೇಲೆ ನನಗೆ ಸಿಟ್ಟಿದೆ.

ಹತ್ತಿ ಪ್ರಯೋಗದ ಪದದ ಬಗ್ಗೆ ಚರ್ಚೆಯ ನಡುವೆ ಕೇಳಿದ ತಮ್ಮನಿಗೆ: ನಿಮ್ಮದು ಬೇರೆ ಪ್ರಶ್ನೆ. ಹೊಲದ ಪ್ರಯೋಗದ ಟ್ರೀಟ್‌ಮೆಂಟ್‌ಗೆ ‘ಚಿಕಿತ್ಸೆ’ ಹಾಕಬೇಡಿ, ರೈತರಿಗೆ ‘ಬೀಜೋಪಚಾರ’ ಗೊತ್ತು, ‘ಉಪಚಾರ’ ಸಾಕು.

ಮೇಡಂ, ಮಾತ್ರೆಯ ಎಣಿಕೆ ಇರುವ ಮೂಲ ಕೋಷ್ಟಕವನ್ನು ಇಲ್ಲಿಯೇ ಹಾಕಿ. 2.25 ಹೊಂದಿಸಿದ ಸಂಖ್ಯೆಯೋ ಅಲ್ಲವೋ ತಿಳಿಯದೆ ಆ ವಾಕ್ಯ ತಿದ್ದಲಾಗದು.